ಬ್ಯಾಂಕ್ ತಪ್ಪಾಗಿ ಹಿಡಿದ ಶುಲ್ಕ: ಇಂಗ್ಲಿಷ್‌ನಲ್ಲಿ ಬರೆದ ದೂರನ್ನು ಹಿರಿಯರ ಕನ್ನಡಕ್ಕೆ ತರುವ ಬಗೆ

ತುಮಕೂರಿನಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರ ಪಾಸ್‌ಬುಕ್‌ನಲ್ಲಿ ಮೂರು ತಿಂಗಳು ಸಾಲಾಗಿ 177 ರೂಪಾಯಿ ಕಡಿತವಾಗಿತ್ತು. ಅವರಿಗೆ 74 ವರ್ಷ. ಯಜಮಾನರು ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ತೀರಿಕೊಂಡ ಮೇಲೆ ಅದೇ ಖಾತೆಗೆ ಅಜ್ಜಿಯ ಕುಟುಂಬ ಪಿಂಚಣಿ ಬರುತ್ತಿದೆ. ಕೌಂಟರ್‌ನಲ್ಲಿ ಕೇಳಿದರೆ "ಮಿನಿಮಮ್ ಬ್ಯಾಲೆನ್ಸ್ ಇರ್ಲಿಲ್ಲ, ಸಿಸ್ಟಮ್ ಕಟ್ ಮಾಡಿದೆ" ಅಂದರು. ಮಾತು ಅಲ್ಲಿಗೇ ನಿಂತಿತು.

ಇಂಥ ಕಡೆ ಬಾಯಿಮಾತು ಸಾಲದು, ಪತ್ರ ಬೇಕು. ಆದರೆ ಆ ಪತ್ರ ಎರಡು ಕಡೆ ಓದಿಸಿಕೊಳ್ಳಬೇಕು. ಶಾಖೆಯಿಂದ ಮುಂದೆ ಹೋದರೆ ದೂರು ನೋಡುವವರು ಬೇರೆ ರಾಜ್ಯದಲ್ಲಿ ಕೂತಿರಬಹುದು, ಅವರಿಗೆ ಇಂಗ್ಲಿಷ್ ಬೇಕು. ಸಹಿ ಹಾಕುವ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ. ಅರ್ಥವಾಗದ ಕಾಗದಕ್ಕೆ ಅವರಿಂದ ಸಹಿ ಹಾಕಿಸುವುದು ಸರಿಯಲ್ಲ. ನಾಳೆ ಮ್ಯಾನೇಜರ್ ಕರೆದು "ಏನಮ್ಮಾ ಬರೆದಿದ್ದೀರಿ?" ಅಂದರೆ ಅವರೇ ಉತ್ತರ ಹೇಳಬೇಕಲ್ವಾ? ಹಾಗಾಗಿ ಒಂದೇ ಪತ್ರ, ಎರಡು ಭಾಷೆ. ಅಜ್ಜಿಯ ಈ ಪ್ರಕರಣವನ್ನೇ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಬರೆಯುವ ಮುಂಚೆ: ತಪ್ಪು ಎಲ್ಲಿದೆ ಅಂತ ಹುಡುಕಿ

ಮೊದಲು ಪಾಸ್‌ಬುಕ್ ಪೂರ್ತಿ ಎಂಟ್ರಿ ಹಾಕಿಸಿ. ಹಳೆಯ ತಿಂಗಳುಗಳ ಸ್ಟೇಟ್‌ಮೆಂಟ್ ಕೇಳಿದರೆ ಕೆಲವು ಕಡೆ ಅದಕ್ಕೂ ದುಡ್ಡು ಹಿಡಿಯುತ್ತಾರೆ, ಪಾಸ್‌ಬುಕ್ ಎಂಟ್ರಿಯಲ್ಲೇ ಕೆಲಸ ಆಗುತ್ತದೆ. ಕಡಿತದ ಸಾಲಿನಲ್ಲಿ ಏನು ಅಚ್ಚಾಗಿದೆಯೋ ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಅಜ್ಜಿಯ ಪುಸ್ತಕದಲ್ಲಿ `MIN BAL CHG` ಎಂದು 150 ರೂಪಾಯಿ, ಅದರ ಕೆಳಗೆ `GST` ಎಂದು 27 ರೂಪಾಯಿ ಇತ್ತು. ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, ಲೆಕ್ಕ ಸರಿಹೋಯಿತು. ತಾರೀಕುಗಳು 2025ರ ಆಗಸ್ಟ್ 30, ಸೆಪ್ಟೆಂಬರ್ 30, ಅಕ್ಟೋಬರ್ 31. ಮೂರು ಸಲ 177, ಒಟ್ಟು 531 ರೂಪಾಯಿ. ಬಹಳ ಜನ ಜಿಎಸ್‌ಟಿ ಸಾಲನ್ನು ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಬರೀ 450 ಕೇಳಿದರೆ ಬರೀ 450 ಬರುತ್ತದೆ.

ಈಗ ಮುಖ್ಯ ಪ್ರಶ್ನೆ. ಈ ಶುಲ್ಕ ತಪ್ಪಾ, ಇಲ್ಲಾ ಜಾಸ್ತಿ ಅನ್ನಿಸುತ್ತಿದೆಯಾ? ಎರಡೂ ಬೇರೆ ಬೇರೆ. ಶುಲ್ಕ ಎಷ್ಟಿರಬೇಕು ಎನ್ನುವುದು ಬ್ಯಾಂಕಿನ ವ್ಯಾಪಾರದ ತೀರ್ಮಾನ, ಅದರ ಬಗ್ಗೆ ದೂರು ಕೊಟ್ಟರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್ ಕೂಡ ಕೈ ಹಾಕುವುದಿಲ್ಲ. ಬ್ಯಾಂಕ್ ತನ್ನದೇ ಪಟ್ಟಿಯನ್ನೋ ರಿಸರ್ವ್ ಬ್ಯಾಂಕಿನ ನಿಯಮವನ್ನೋ ಮುರಿದು ಹಿಡಿದಿದ್ದರೆ ಅದು ಸೇವೆಯ ಲೋಪ. ಅದನ್ನು ತೋರಿಸಿದರೆ ದುಡ್ಡು ವಾಪಸ್ ಬರುತ್ತದೆ.

ನೋಡಬೇಕಾದದ್ದು ಎರಡು ಕಡೆ. ಒಂದು, ಬ್ಯಾಂಕಿನ ಸೇವಾ ಶುಲ್ಕದ ಪಟ್ಟಿ. ಪ್ರತಿ ಬ್ಯಾಂಕೂ ಅದನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿರಬೇಕು. ಶುಲ್ಕ ಹಿಡಿದ ತಾರೀಕಿಗೆ ಯಾವ ಪಟ್ಟಿ ಜಾರಿಯಲ್ಲಿತ್ತೋ ಅದನ್ನೇ ನೋಡಿ, ಯಾಕೆಂದರೆ ಇದು ಬದಲಾಗುತ್ತಿರುತ್ತದೆ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ಉಳಿತಾಯ ಖಾತೆಗಳ ಮಿನಿಮಮ್ ಬ್ಯಾಲೆನ್ಸ್ ಷರತ್ತು ತೆಗೆಯಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆಯಿತು. ಅಜ್ಜಿಯ ಬ್ಯಾಂಕಿನಲ್ಲಿ ಸಾಮಾನ್ಯ ಉಳಿತಾಯ ಖಾತೆಗೆ ಷರತ್ತು ಇನ್ನೂ ಇತ್ತು. ಆದರೆ ಅದೇ ಪಟ್ಟಿಯಲ್ಲಿ ಪಿಂಚಣಿ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ ಎಂಬ ಸಾಲಿತ್ತು. ಆ ಪುಟವನ್ನು ಪ್ರಿಂಟ್ ತೆಗೆಸಿ, ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಎರಡನೆಯದು ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆ. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ತಿರುಳು ಸರಳ. ಬ್ಯಾಲೆನ್ಸ್ ಕಮ್ಮಿಯಾದರೆ ಬ್ಯಾಂಕ್ ಮೊದಲು ಗ್ರಾಹಕರಿಗೆ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತಿಳಿಸಿದ ದಿನದಿಂದ ಒಂದು ತಿಂಗಳಾದರೂ ಸರಿಪಡಿಸಲು ಸಮಯ ಕೊಡಬೇಕು. ಶುಲ್ಕ ಕೊರತೆಯ ಮೊತ್ತಕ್ಕೆ ತಕ್ಕ ಹಾಗೆ ಇರಬೇಕು. ಬರೀ ಈ ಶುಲ್ಕದಿಂದಲೇ ಖಾತೆ ಮೈನಸ್‌ಗೆ ಇಳಿಯಬಾರದು. ಇನ್ನು ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಯಾದರೆ, ರಿಸರ್ವ್ ಬ್ಯಾಂಕಿನ ಬೇರೊಂದು ನಿಯಮದ ಪ್ರಕಾರ ಈ ದಂಡವನ್ನೇ ಹಾಕುವಂತಿಲ್ಲ.

ಪಟ್ಟಿಯಲ್ಲಿ ಶುಲ್ಕ ಇದೆ, ಖಾತೆಗೆ ವಿನಾಯಿತಿ ಇಲ್ಲ, ನೋಟಿಸೂ ಬಂದಿತ್ತು ಅಂತಾದರೆ ಈ ಮಾರ್ಗದರ್ಶಿಯ ಪತ್ರ ಕೆಲಸಕ್ಕೆ ಬರುವುದಿಲ್ಲ. ಆಗ ಬರೆಯಬೇಕಾದದ್ದು ವಿನಂತಿ, ದೂರಲ್ಲ.

ಇನ್ನೂ ಒಂದು ಕೇಳಿ: ಈ ತಪ್ಪು ಹೇಗೆ ಶುರುವಾಯಿತು? ವರ್ಷಗಟ್ಟಲೆ ಹಿಡಿಯದ ಶುಲ್ಕ ಆಗಸ್ಟ್‌ನಲ್ಲಿ ಯಾಕೆ ಬಂತು? ಪಾಸ್‌ಬುಕ್‌ನ ಮೊದಲ ಪುಟ ತಿರುಗಿಸಿದಾಗ ಗೊತ್ತಾಯಿತು. ಹಳೆಯ ಪುಸ್ತಕದಲ್ಲಿ ಇಬ್ಬರ ಹೆಸರೂ ಇತ್ತು, ಪಿಂಚಣಿ ಖಾತೆ ಎಂದು ಅಚ್ಚಾಗಿತ್ತು. ಜೂನ್‌ನಲ್ಲಿ ಯಜಮಾನರ ಹೆಸರು ತೆಗೆದು ಹೊಸ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಖಾತೆಯ ನಂಬರ್ ಅದೇ ಇತ್ತು, ವಿಧ ಮಾತ್ರ ಸಾಮಾನ್ಯ ಉಳಿತಾಯ ಖಾತೆ ಎಂದಾಗಿತ್ತು. ಹೆಸರು ಬದಲಿಸುವಾಗ ಖಾತೆಯ ವರ್ಗವೂ ಬದಲಾಗಿಬಿಟ್ಟಿತ್ತು. ಈ ಮೂಲ ಸಿಕ್ಕದಿದ್ದರೆ ಬರೀ 531 ರೂಪಾಯಿ ಕೇಳುತ್ತಿದ್ದೆವು. ಅದು ಬಂದ ಮುಂದಿನ ತಿಂಗಳೇ ಮತ್ತೆ 177 ಹೋಗುತ್ತಿತ್ತು.

ಇಂಗ್ಲಿಷ್ ಕರಡು: ಅಂಕಿ ಹಾಕಿದ ಪ್ಯಾರಾಗಳು, ಒಂದೇ ಪುಟ

ಮೊದಲು ಇಂಗ್ಲಿಷ್ ಕರಡು ಯಾಕೆ ಅಂದರೆ, ಶುಲ್ಕದ ಪಟ್ಟಿ, ಸುತ್ತೋಲೆ, ಪಾಸ್‌ಬುಕ್‌ನ ಸಾಲು ಎಲ್ಲವೂ ಇಂಗ್ಲಿಷ್‌ನಲ್ಲೇ ಇರುತ್ತವೆ. ಅವುಗಳಲ್ಲಿ ಇರುವ ಪದವನ್ನೇ ಬಳಸಿದರೆ ಬ್ಯಾಂಕಿನವರು ಬೇರೆ ಅರ್ಥ ಮಾಡಿಕೊಳ್ಳಲು ಜಾಗ ಇರುವುದಿಲ್ಲ.

ಕರಡಿಗೆ ನಾಲ್ಕು ಪ್ಯಾರಾ ಸಾಕು. ಒಂದರಿಂದ ನಾಲ್ಕರವರೆಗೆ ಅಂಕಿ ಹಾಕಿ. ಮೊದಲನೆಯದರಲ್ಲಿ ನಾನು ಯಾರು, ಖಾತೆ ಯಾವುದು. ಎರಡನೆಯದರಲ್ಲಿ ಏನಾಯಿತು: ತಾರೀಕು, ಮೊತ್ತ, ಪಾಸ್‌ಬುಕ್‌ನಲ್ಲಿ ಇರುವ ಪದ. ಮೂರನೆಯದರಲ್ಲಿ ಯಾಕೆ ತಪ್ಪು. ನಾಲ್ಕನೆಯದರಲ್ಲಿ ಏನು ಮಾಡಬೇಕು. ಅಂಕಿ ಇದ್ದರೆ ಕನ್ನಡದ ಮೂರನೇ ಪ್ಯಾರಾ ಇಂಗ್ಲಿಷ್‌ನ ಮೂರನೇ ಪ್ಯಾರಾಗೆ ಸರಿಯಾಗಿ ಎದುರು ಕೂರುತ್ತದೆ. ಯಾರು ಬೇಕಾದರೂ ಪಕ್ಕ ಪಕ್ಕ ಇಟ್ಟು ತಾಳೆ ನೋಡಬಹುದು.

ಇಂಗ್ಲಿಷ್ ಕರಡನ್ನು ಕನ್ನಡಕ್ಕೆ ತರುವ ಉದ್ದೇಶದಿಂದಲೇ ಬರೆಯಿರಿ. ಒಂದು ವಾಕ್ಯದಲ್ಲಿ ಒಂದೇ ವಿಷಯ. ನಮ್ಮ ಹಳೆಯ ಆಫೀಸ್ ಇಂಗ್ಲಿಷ್‌ನಲ್ಲಿ ಅರ್ಧ ಪುಟ ನಮಸ್ಕಾರಕ್ಕೇ ಹೋಗುತ್ತದೆ. ತಮ್ಮ ಗಮನ ಸೆಳೆಯಬಯಸುತ್ತೇನೆ, ಈ ಕೆಳಕಂಡ ಕೆಲವು ಸಾಲುಗಳನ್ನು ಬರೆಯಲು ಅನುಮತಿ ಕೋರುತ್ತೇನೆ ಅಂತೆಲ್ಲ. ಅವೆಲ್ಲ ಕರಡಿನಲ್ಲೇ ಬೇಡ. ಅಲ್ಲಿ ಇದ್ದರೆ ಕನ್ನಡಕ್ಕೂ ಬಂದೇ ಬರುತ್ತವೆ.

ಕೋಪದ ಮಾತೂ ಬೇಡ. "ಮುದುಕರನ್ನು ದೋಚುತ್ತಿದ್ದೀರಿ" ಎಂದು ಬರೆದರೆ ಓದುವವರು ಆ ಮಾತಿಗೆ ಉತ್ತರ ಹುಡುಕುತ್ತಾರೆ, 531 ರೂಪಾಯಿ ಹಿಂದೆ ಸರಿಯುತ್ತದೆ. ಯಾರ ಮೇಲೂ ಹೆಸರು ಹಿಡಿದು ಆರೋಪ ಹಾಕಬೇಡಿ. ಕಡಿತ ಕಂಪ್ಯೂಟರ್ ಮಾಡಿದ್ದು, ವರ್ಗ ಬದಲಾದದ್ದು ಶಾಖೆಯಲ್ಲಿ. ಅಷ್ಟು ಹೇಳಿದರೆ ಸಾಕು.

ಕನ್ನಡಕ್ಕೆ ತರುವಾಗ

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಇಂಗ್ಲಿಷ್ ವಾಕ್ಯವನ್ನು ಮುಂದಿಟ್ಟುಕೊಂಡು ಒಂದೊಂದೇ ಪದ ಬದಲಿಸುತ್ತಾ ಹೋದರೆ ಹೀಗಾಗುತ್ತದೆ: "ಕನಿಷ್ಠ ಶಿಲ್ಕು ನಿರ್ವಹಿಸದಿರುವಿಕೆಯ ಶುಲ್ಕದ ನಿಮಿತ್ತ ನನ್ನ ಖಾತೆಗೆ ರೂ. 531 ತಪ್ಪಾಗಿ ಖರ್ಚು ಹಾಕಲ್ಪಟ್ಟಿರುತ್ತದೆ." ಇದನ್ನು ಅಜ್ಜಿಗೆ ಓದಿದರೆ "ಯಾರು ಖರ್ಚು ಮಾಡಿದ್ರು?" ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ. ಪ್ಯಾರಾ ಒಮ್ಮೆ ಓದಿ, ಕಾಗದ ಮುಚ್ಚಿ, ಅದೇ ವಿಷಯವನ್ನು ಎದುರಿಗೆ ಕೂತ ಮ್ಯಾನೇಜರ್‌ಗೆ ಅಜ್ಜಿ ಹೇಗೆ ಹೇಳುತ್ತಾರೆ ಅಂತ ಯೋಚಿಸಿ ಬರೆಯಿರಿ: "ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ನನ್ನ ಖಾತೆಯಿಂದ ಬ್ಯಾಂಕ್ 531 ರೂಪಾಯಿ ಕಡಿತ ಮಾಡಿದೆ." ಮಾಡಿದವರು ಯಾರು ಅನ್ನುವುದು ಇಲ್ಲಿ ತಾನಾಗೇ ಬಂತು.

ಮಿನಿಮಮ್ ಬ್ಯಾಲೆನ್ಸ್, ಪಾಸ್‌ಬುಕ್, ಎಸ್‌ಎಂಎಸ್, ಜಿಎಸ್‌ಟಿ ಇವನ್ನೆಲ್ಲ ಹಾಗೇ ಬಿಡಿ. ಅಜ್ಜಿ ದಿನಾ ಕೇಳುವ ಪದಗಳು ಇವೇ. ಪಾಸ್‌ಬುಕ್‌ನಲ್ಲಿ ಅಚ್ಚಾದ `MIN BAL CHG` ಎನ್ನುವುದನ್ನು ಕನ್ನಡ ಪತ್ರದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಅದು ಬ್ಯಾಂಕಿನವರು ಕಂಪ್ಯೂಟರ್‌ನಲ್ಲಿ ಹುಡುಕುವ ಗುರುತು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ತಾರೀಕಿನಲ್ಲಿ ತಿಂಗಳ ಹೆಸರು ಹಾಕಿ. ಆಗ ಎರಡೂ ಪ್ರತಿಯಲ್ಲಿ ಗೊಂದಲ ಇರುವುದಿಲ್ಲ.

ಎಚ್ಚರ ಬೇಕಾದದ್ದು ಮೂರು ಜಾಗದಲ್ಲಿ. ಇಲ್ಲಿ ಪದ ಜಾರಿದರೆ ಹಕ್ಕೇ ಜಾರುತ್ತದೆ.

ಮೊದಲನೆಯದು, ದುಡ್ಡು ಕೇಳುವ ಮಾತು. ಇಂಗ್ಲಿಷ್ ಕರಡಿನಲ್ಲಿ ನಾವು ರಿವರ್ಸ್ ಮಾಡಿ ಎಂದು ಬರೆದಿರುತ್ತೇವೆ. ಕನ್ನಡದಲ್ಲಿ ಕೈ ತಾನಾಗೇ "ಮನ್ನಾ ಮಾಡಿ" ಎಂದು ಬರೆಯಲು ಹೋಗುತ್ತದೆ. ಸಾಲ ಮನ್ನಾ, ಬಡ್ಡಿ ಮನ್ನಾ ಕೇಳಿ ಕೇಳಿ ರೂಢಿ. ಆದರೆ ಕೊಡಬೇಕಾದದ್ದನ್ನು ಬಿಡುವುದು ಮನ್ನಾ. ಅಜ್ಜಿ ಈ ಶುಲ್ಕ ಕೊಡಬೇಕಾಗಿಯೇ ಇರಲಿಲ್ಲ. ಮನ್ನಾ ಎಂದು ಬರೆದು ಸಹಿ ಹಾಕಿದರೆ ಶುಲ್ಕ ಸರಿ ಎಂದು ಅವರೇ ಒಪ್ಪಿದ ಹಾಗಾಗುತ್ತದೆ. "ವಾಪಸ್ ನನ್ನ ಖಾತೆಗೆ ಜಮಾ ಮಾಡಿ" ಎಂದು ಬರೆಯಿರಿ. ಬರೀ "ವಾಪಸ್ ಕೊಡಿ" ಎಂದರೆ ಮುಂದಿನ ಶುಲ್ಕಕ್ಕೆ ಹೊಂದಿಸುತ್ತೇವೆ ಎಂಬ ಉತ್ತರಕ್ಕೂ ಜಾಗ ಸಿಗುತ್ತದೆ.

ಎರಡನೆಯದು, ಬೇಕು ಮತ್ತು ಬಹುದು. ನಿಯಮದ ಪ್ರಕಾರ ಬ್ಯಾಂಕ್ ಮುಂಚೆ ತಿಳಿಸಬೇಕು. ಮೆತ್ತಗೆ ಬರೆಯುವ ಭರದಲ್ಲಿ "ತಿಳಿಸಬಹುದಿತ್ತು" ಎಂದರೆ ನಿಯಮ ಹೋಗಿ ಬರೀ ಬೇಸರ ಉಳಿಯುತ್ತದೆ.

ಮೂರನೆಯದು, ವಿನಯ. ದಯವಿಟ್ಟು ಒಂದು ಸಲ ಇರಲಿ. ಕೃಪೆ ತೋರಿ, ದೊಡ್ಡ ಮನಸ್ಸು ಮಾಡಿ, ಬಡವಿಯ ಮೇಲೆ ಕನಿಕರವಿಟ್ಟು ಎಂಬ ಮಾತುಗಳು ಹಿರಿಯರ ಬಾಯಲ್ಲಿ ಸಹಜವಾಗಿ ಬರುತ್ತವೆ. ಅವು ಅವರ ಸಂಸ್ಕಾರ. ಆದರೆ ಪತ್ರದಲ್ಲಿ ಇದ್ದರೆ ದೂರು ಹೋಗಿ ಅರ್ಜಿಯಾಗುತ್ತದೆ. ಅಜ್ಜಿಗೆ ಇದನ್ನು ಬಿಡಿಸಿ ಹೇಳಿ: "ಅಜ್ಜಿ, ನಿಮ್ಮ ದುಡ್ಡನ್ನೇ ನೀವು ಕೇಳ್ತಿರೋದು."

ಇನ್ನು ಅವರದೇ ಮಾತಿನ ಕೆಲವು ತುಣುಕು ಕನ್ನಡದಲ್ಲಿ ಉಳಿಯಲಿ. ಇಂಗ್ಲಿಷ್‌ನಲ್ಲಿ ದಿವಂಗತ ಪತಿ ಎಂದಿರುವುದು ಕನ್ನಡದಲ್ಲಿ "ನಮ್ಮ ಯಜಮಾನರು ತೀರಿಕೊಂಡ ಮೇಲೆ" ಎಂದಾಯಿತು. ಅರ್ಥ ಒಂದೇ, ಅಜ್ಜಿಗೆ ಅದು ತಮ್ಮ ಪತ್ರ ಎಂದು ಅನ್ನಿಸುತ್ತದೆ.

ಓದಿ ಹೇಳಿ, ತಿರುಗಿ ಹೇಳಿಸಿ

ಕನ್ನಡ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ, 16 ಅಥವಾ 18 ಪಾಯಿಂಟ್‌ನಲ್ಲಿ ಪ್ರಿಂಟ್ ತೆಗೆಯಿರಿ. ಒಂದು ಪುಟ ಒಂದೂವರೆ ಪುಟ ಆದರೂ ಪರವಾಗಿಲ್ಲ. ಟಿವಿ ಆಫ್ ಮಾಡಿ ನಿಧಾನವಾಗಿ ಓದಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ. ಹಿರಿಯರು ನಿಮಗೆ ಬೇಜಾರಾಗದಿರಲಿ ಎಂದು ಹೂಂ ಅನ್ನುತ್ತಾರೆ. "ಅಜ್ಜಿ, ಬ್ಯಾಂಕ್‌ನೋರು ಕೇಳಿದ್ರೆ ಏನು ಹೇಳ್ತೀರಿ, ಹೇಳಿ ನೋಡೋಣ" ಎನ್ನಿ. ಅವರು ತಮ್ಮ ಮಾತಲ್ಲಿ ಹೇಳುವಾಗ ಎಲ್ಲಿ ತಡವರಿಸುತ್ತಾರೋ ಆ ವಾಕ್ಯ ಇನ್ನೂ ಕನ್ನಡವಾಗಿಲ್ಲ ಎಂದು ತಿಳಿಯಿರಿ.

ಇದರಿಂದ ಇನ್ನೊಂದು ಲಾಭ ಇದೆ. ನಮ್ಮ ಕರಡಿನಲ್ಲಿ ಮೂರನೇ ಪ್ಯಾರಾ ಹೀಗಿತ್ತು: ಖಾತೆಯಲ್ಲಿರುವುದು ಯಜಮಾನರ ಮೊಬೈಲ್ ನಂಬರ್, ಅದು ಈಗ ಚಾಲ್ತಿಯಲ್ಲಿಲ್ಲ, ಆದ್ದರಿಂದ ಎಸ್‌ಎಂಎಸ್ ನನಗೆ ತಲುಪಿಲ್ಲ. ಇದನ್ನು ಕೇಳಿದ ಅಜ್ಜಿ, "ಹೊಸ ನಂಬರ್ ನಾನು ಜೂನ್‌ನಲ್ಲೇ ಫಾರಂನಲ್ಲಿ ಬರೆಸಿಕೊಟ್ಟಿದ್ದೆನಲ್ಲಪ್ಪ" ಅಂದರು. ಹೆಸರು ಬದಲಾವಣೆಯ ಫಾರಂನ ನಕಲು ಅವರ ಹತ್ತಿರವೇ ಇತ್ತು. ಹೊಸ ನಂಬರ್ ಅದರಲ್ಲಿ ಸ್ಪಷ್ಟವಾಗಿತ್ತು. ಇದರಿಂದ ಪತ್ರದ ಬಲವೇ ಬೇರೆಯಾಯಿತು. ಹಳೆಯ ಕರಡು ಓದಿದರೆ "ನಂಬರ್ ಬದಲಿಸದಿದ್ದದ್ದು ನಿಮ್ಮ ತಪ್ಪು" ಎನ್ನಲು ಬ್ಯಾಂಕಿಗೆ ಅವಕಾಶ ಇತ್ತು. ಈಗ ಇಲ್ಲ.

ಹೀಗೆ ಕನ್ನಡದಲ್ಲಿ ಒಂದು ಬದಲಾವಣೆ ಆದ ತಕ್ಷಣ ಇಂಗ್ಲಿಷ್ ಪ್ರತಿಯಲ್ಲೂ ಅದೇ ಪ್ಯಾರಾ ತಿದ್ದಿ. ಆಮೇಲೆ ಮಾಡೋಣ ಎಂದು ಬಿಟ್ಟರೆ ಎರಡು ಪತ್ರ ಎರಡು ಕಥೆ ಹೇಳುತ್ತವೆ. ಕೊನೆಗೆ ಇನ್ನೊಬ್ಬರ ಕೈಯಲ್ಲಿ ಕನ್ನಡ ಪ್ರತಿ ಕೊಟ್ಟು, ನೀವು ಇಂಗ್ಲಿಷ್ ಪ್ರತಿ ಹಿಡಿದು, ಖಾತೆ ನಂಬರ್, ತಾರೀಕು, ಮೊತ್ತ ಇವಿಷ್ಟನ್ನು ಗಟ್ಟಿಯಾಗಿ ಓದಿ ತಾಳೆ ನೋಡಿ.

ಸಿದ್ಧವಾದ ಪತ್ರ

ಎಲ್ಲ ತಿದ್ದಿದ ಮೇಲೆ ಕನ್ನಡ ಪ್ರತಿ ಹೀಗಾಯಿತು. ಹೆಸರು, ನಂಬರ್ ಇರುವ ಕಡೆ ಚುಕ್ಕಿ ಹಾಕಿದ್ದೇನೆ.

ತುಮಕೂರು
10 ನವೆಂಬರ್ 2025

ಶಾಖಾ ವ್ಯವಸ್ಥಾಪಕರು
............ ಬ್ಯಾಂಕ್, ............ ಶಾಖೆ

ವಿಷಯ: ನನ್ನ ಪಿಂಚಣಿ ಖಾತೆಯಿಂದ ತಪ್ಪಾಗಿ ಕಡಿತ ಮಾಡಿದ 531 ರೂಪಾಯಿ ವಾಪಸ್ ಜಮಾ ಮಾಡುವುದು, ಖಾತೆಯ ವರ್ಗ ಸರಿಪಡಿಸುವುದು

ಮಾನ್ಯರೇ,

1\. ನಿಮ್ಮ ಶಾಖೆಯಲ್ಲಿ ನನ್ನ ಖಾತೆ ಇದೆ. ನಂಬರ್ ............ . ನನಗೆ 74 ವರ್ಷ. ನನ್ನ ಕುಟುಂಬ ಪಿಂಚಣಿ ಪ್ರತಿ ತಿಂಗಳು ಇದೇ ಖಾತೆಗೆ ಬರುತ್ತದೆ.

2\. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಈ ಖಾತೆಯಿಂದ ಬ್ಯಾಂಕ್ ಮೂರು ಸಲ ಶುಲ್ಕ ಕಡಿತ ಮಾಡಿದೆ. 2025ರ ಆಗಸ್ಟ್ 30, ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 31ರಂದು ಪ್ರತಿ ಸಲ 150 ರೂಪಾಯಿ ಶುಲ್ಕ, 27 ರೂಪಾಯಿ ಜಿಎಸ್‌ಟಿ ಹೋಗಿದೆ. ಪಾಸ್‌ಬುಕ್‌ನಲ್ಲಿ ಇದು `MIN BAL CHG` ಮತ್ತು `GST` ಎಂದಿದೆ. ಒಟ್ಟು 531 ರೂಪಾಯಿ (ಐನೂರ ಮೂವತ್ತೊಂದು).

3\. ಈ ಕಡಿತ ತಪ್ಪು. ಕಾರಣಗಳು:
(ಅ) ಇದು ಪಿಂಚಣಿ ಖಾತೆ. ಪಿಂಚಣಿ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ ಎಂದು ನಿಮ್ಮ ಬ್ಯಾಂಕಿನ ಶುಲ್ಕದ ಪಟ್ಟಿಯಲ್ಲೇ ಇದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಜೂನ್ 2025ರಲ್ಲಿ ಅವರ ಹೆಸರು ತೆಗೆಯಲು ಅರ್ಜಿ ಕೊಟ್ಟಿದ್ದೆ. ಆಗ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಲಾಗಿದೆ. ಹಾಗೆ ಬದಲಿಸಿ ಎಂದು ನಾನು ಕೇಳಿರಲಿಲ್ಲ.
(ಆ) ಬ್ಯಾಲೆನ್ಸ್ ಕಮ್ಮಿಯಾದರೆ ಬ್ಯಾಂಕ್ ಮೊದಲು ತಿಳಿಸಬೇಕು, ಸರಿಪಡಿಸಲು ಒಂದು ತಿಂಗಳು ಸಮಯ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 20 ನವೆಂಬರ್ 2014ರ ಸುತ್ತೋಲೆ ಹೇಳುತ್ತದೆ. ನನಗೆ ಎಸ್‌ಎಂಎಸ್ ಆಗಲಿ ಪತ್ರವಾಗಲಿ ಬಂದಿಲ್ಲ. ನನ್ನ ಹೊಸ ಮೊಬೈಲ್ ನಂಬರ್ ಜೂನ್‌ನ ಅರ್ಜಿಯಲ್ಲೇ ಕೊಟ್ಟಿದ್ದೇನೆ.

4\. ದಯವಿಟ್ಟು ಈ ನಾಲ್ಕು ಕೆಲಸ ಮಾಡಿಕೊಡಬೇಕು:
(ಅ) 531 ರೂಪಾಯಿಯನ್ನು ನನ್ನ ಇದೇ ಖಾತೆಗೆ ವಾಪಸ್ ಜಮಾ ಮಾಡುವುದು.
(ಆ) ಖಾತೆಯನ್ನು ಮತ್ತೆ ಪಿಂಚಣಿ ಖಾತೆಯ ವರ್ಗಕ್ಕೆ ಸೇರಿಸುವುದು. ಅದಾಗುವ ತನಕ ಇದೇ ಶುಲ್ಕ ಮತ್ತೆ ಹಿಡಿಯದಂತೆ ನೋಡಿಕೊಳ್ಳುವುದು.
(ಇ) ನನ್ನ ಹೊಸ ಮೊಬೈಲ್ ನಂಬರ್ ಖಾತೆಗೆ ಸೇರಿಸುವುದು.
(ಈ) ಏನು ಕ್ರಮ ಕೈಗೊಂಡಿರಿ ಎಂದು ನನಗೆ ಕನ್ನಡದಲ್ಲಿ ಬರಹದ ಮೂಲಕ ತಿಳಿಸುವುದು.

ಜೊತೆಗಿಟ್ಟ ನಕಲುಗಳು: ಹಳೆಯ ಮತ್ತು ಹೊಸ ಪಾಸ್‌ಬುಕ್‌ನ ಮೊದಲ ಪುಟ, ಕಡಿತ ಇರುವ ಪುಟಗಳು, ಶುಲ್ಕದ ಪಟ್ಟಿಯ ಪುಟ, ಜೂನ್‌ನ ಅರ್ಜಿ.

ಈ ಪತ್ರವನ್ನು ನನಗೆ ಪೂರ್ತಿಯಾಗಿ ಓದಿ ಹೇಳಿದ್ದಾರೆ. ಇದರಲ್ಲಿರುವುದು ನನ್ನದೇ ಮಾತು. ಜೊತೆಯಲ್ಲಿರುವ ಇಂಗ್ಲಿಷ್ ಪ್ರತಿಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಕನ್ನಡ ಪ್ರತಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂತಿ,
(ಸಹಿ)

ಓದಿ ಹೇಳಿದವರ ಹೆಸರು ಮತ್ತು ಸಹಿ: ............

ಕೊನೆಯ ಪ್ಯಾರಾ ಕರಡಿನಲ್ಲಿ ಇರಲಿಲ್ಲ. ಅದನ್ನು ಇಂಗ್ಲಿಷ್ ಪ್ರತಿಗೂ ಸೇರಿಸಿ. ಬರೆದುಕೊಟ್ಟವರಿಗೂ ಸಹಿ ಹಾಕುವವರಿಗೂ ಅದು ರಕ್ಷಣೆ. ಸಹಿ ಬ್ಯಾಂಕಿನಲ್ಲಿರುವ ಮಾದರಿಯ ಹಾಗೇ ಇರಬೇಕು. ಕೈ ನಡುಗಿ ಸಹಿ ಬದಲಾಗಿದ್ದರೆ ಅಥವಾ ಹೆಬ್ಬೆಟ್ಟು ಒತ್ತುವುದಾದರೆ, ಶಾಖೆಯಲ್ಲೇ ಅಧಿಕಾರಿಯ ಎದುರು ಮಾಡಿಸುವುದು ಒಳ್ಳೆಯದು. ಎರಡೂ ಪ್ರತಿಗೆ ಸಹಿ ಬೇಕು. ಆಧಾರ್ ನಂಬರ್, ಎಟಿಎಂ ಕಾರ್ಡ್ ನಂಬರ್ ಪತ್ರದಲ್ಲಿ ಎಲ್ಲೂ ಬೇಡ. ಈ ದೂರಿಗೆ ಅವು ಬೇಕೇ ಆಗಿಲ್ಲ.

ಕೊಡುವುದು ಮತ್ತು ರಶೀದಿ

ಕನ್ನಡ ಪ್ರತಿ ಮೇಲೆ, ಇಂಗ್ಲಿಷ್ ಪ್ರತಿ ಕೆಳಗೆ ಇಟ್ಟು ಪಿನ್ ಮಾಡಿ. ಹೀಗೆ ಎರಡು ಜೊತೆ ಮಾಡಿಕೊಳ್ಳಿ. ಒಂದು ಶಾಖೆಗೆ, ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ. ಈ ಸೀಲಿನ ತಾರೀಕಿನಿಂದಲೇ ಮುಂದಿನ ಲೆಕ್ಕ ಶುರು.

"ಕನ್ನಡದಲ್ಲಿ ಬೇಡ, ಇಂಗ್ಲಿಷ್ ಒಂದೇ ಕೊಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗ್ರಾಹಕರು ಬಳಸುವ ಫಾರಂ, ಪಾಸ್‌ಬುಕ್ ಇವೆಲ್ಲ ಹಿಂದಿ, ಇಂಗ್ಲಿಷ್ ಜೊತೆ ಆ ರಾಜ್ಯದ ಭಾಷೆಯಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. "ಸರ್, ಎರಡೂ ಇದೆ, ನಿಮಗೆ ಅನುಕೂಲವಾದದ್ದು ಓದಿ" ಎಂದರೆ ಸಾಮಾನ್ಯವಾಗಿ ಮಾತು ಮುಗಿಯುತ್ತದೆ. ಸೀಲು ಹಾಕಲು ಹಿಂದೆ ಮುಂದೆ ನೋಡಿದರೆ ದೂರು ಪುಸ್ತಕ ಕೇಳಿ. ಹರಿದುಕೊಡುವ ಪ್ರತಿ ಇರುವ ಪುಸ್ತಕವನ್ನು ಶಾಖೆಗಳು ಇಟ್ಟಿರಬೇಕು, ಅದೇ ಸ್ವೀಕೃತಿಯಾಗುತ್ತದೆ. ಅದೂ ಆಗದಿದ್ದರೆ ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆ ತೆಗೆದಿಟ್ಟುಕೊಳ್ಳಿ.

ಅಜ್ಜಿಗೆ ಒಂದು ಮಾತು ಗಟ್ಟಿಯಾಗಿ ಹೇಳಿಬಿಡಿ. ದೂರು ಕೊಟ್ಟ ಮೇಲೆ "ನಿಮ್ಮ ದುಡ್ಡು ವಾಪಸ್ ಹಾಕ್ತೀವಿ, ಒಟಿಪಿ ಹೇಳಿ" ಎಂದು ಯಾರೇ ಫೋನ್ ಮಾಡಿದರೂ ಇಟ್ಟುಬಿಡಬೇಕು. ಕಡಿತವಾದ ಶುಲ್ಕ ವಾಪಸ್ ಜಮಾ ಮಾಡಲು ಬ್ಯಾಂಕಿಗೆ ಒಟಿಪಿ ಬೇಕಾಗಿಲ್ಲ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೂ ಫೋನ್ ಮಾಡಬಾರದು. ಪಾಸ್‌ಬುಕ್‌ನಲ್ಲಿ ಅಚ್ಚಾದ ನಂಬರ್ ಮಾತ್ರ ನಂಬಬೇಕು.

ಉತ್ತರ ಬರದಿದ್ದರೆ

ಒಂದೆರಡು ವಾರ ಕಳೆದರೂ ಸುದ್ದಿ ಇಲ್ಲದಿದ್ದರೆ ಅದೇ ಪತ್ರದ ನಕಲನ್ನು ಬ್ಯಾಂಕಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಿ. ಅವರ ವಿಳಾಸ, ಇಮೇಲ್ ಶಾಖೆಯ ಬೋರ್ಡಿನಲ್ಲೂ ವೆಬ್‌ಸೈಟಿನಲ್ಲೂ ಇರುತ್ತದೆ. ಹೊಸದಾಗಿ ಬರೆಯಬೇಡಿ. ಮೇಲೊಂದು ನಾಲ್ಕು ಸಾಲಿನ ಪತ್ರ ಇಟ್ಟು, ಇಂಥ ದಿನ ಕೊಟ್ಟ ದೂರಿಗೆ ಉತ್ತರ ಬಂದಿಲ್ಲ ಎಂದು ಹೇಳಿ. ವಿಷಯವನ್ನು ಮತ್ತೆ ವಿವರಿಸಲು ಹೋದರೆ ಎಲ್ಲೋ ಒಂದು ಅಂಕಿ ತಪ್ಪುತ್ತದೆ, ಆಮೇಲೆ ಅದೇ ಚರ್ಚೆಯಾಗುತ್ತದೆ. ಇಲ್ಲಿ ಇಂಗ್ಲಿಷ್ ಪ್ರತಿ ಮೇಲಿರಲಿ.

ಬ್ಯಾಂಕಿಗೆ ದೂರು ತಲುಪಿದ ದಿನದಿಂದ 30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬ್ಯಾಂಕಿಗೆ ಬರೆಯದೆ ನೇರ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಸೀಲು ಹಾಕಿದ ಪ್ರತಿ ಬೇಕು. ಇದಕ್ಕೆ ಶುಲ್ಕ ಇಲ್ಲ. ತಿಂಗಳುಗಟ್ಟಲೆ ಕಾಯಬೇಡಿ, 30 ದಿನ ಮುಗಿದ ಮೇಲೆ ಆದಷ್ಟು ಬೇಗ ಕಳಿಸಿ.

ಆನ್‌ಲೈನ್‌ನಲ್ಲಾದರೆ `cms.rbi.org.in`. ಕಂಪ್ಯೂಟರ್ ಸಹವಾಸ ಬೇಡ ಎನ್ನುವವರು ಅಂಚೆಯಲ್ಲಿ ಕಳಿಸಬಹುದು: ಸೆಂಟ್ರಲೈಸ್ಡ್ ರಿಸೀಟ್ ಅಂಡ್ ಪ್ರೊಸೆಸಿಂಗ್ ಸೆಂಟರ್, ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾ, 4ನೇ ಮಹಡಿ, ಸೆಕ್ಟರ್ 17, ಚಂಡೀಗಢ 160017. ಲಕೋಟೆಯ ಮೇಲೆ ವಿಳಾಸವನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ. ಈ ಕೇಂದ್ರವನ್ನು 2021ರಲ್ಲಿ ಶುರು ಮಾಡಿದಾಗಲೇ, ಅಂಚೆ ಮತ್ತು ಇಮೇಲ್ ದೂರುಗಳನ್ನು ಯಾವುದೇ ಭಾಷೆಯಲ್ಲಿ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅಜ್ಜಿಯ ಕನ್ನಡ ಪತ್ರ ಅಲ್ಲೂ ನಡೆಯುತ್ತದೆ. ಇಂಗ್ಲಿಷ್ ಪ್ರತಿ ಜೊತೆಗಿದ್ದರೆ ಅವರು ಅನುವಾದಕ್ಕೆ ಕಾಯಬೇಕಾಗಿಲ್ಲ. ಅನುಮಾನ ಇದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಜ್ಜಿಯ ಪರವಾಗಿ ನೀವೇ ಓಡಾಡುವುದಾದರೆ ಅವರಿಂದ ಅಧಿಕಾರ ಪತ್ರ ಬರೆಸಿಕೊಳ್ಳಿ. ಮಗ, ಮೊಮ್ಮಗಳು, ಪಕ್ಕದ ಮನೆಯವರು ಯಾರಾದರೂ ಆಗಬಹುದು, ವಕೀಲರು ಮಾತ್ರ ಆಗುವಂತಿಲ್ಲ. ಆ ಪತ್ರವೂ ಎರಡು ಭಾಷೆಯಲ್ಲಿರಲಿ. ಅದರಲ್ಲಿ ಈ ಒಂದು ದೂರಿನ ಬಗ್ಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿರಿ. "ನನ್ನ ಬ್ಯಾಂಕ್ ವ್ಯವಹಾರಗಳ ಬಗ್ಗೆ" ಎಂದು ಅಗಲವಾಗಿ ಬರೆದ ಕಾಗದ ನಾಳೆ ಯಾರ ಕೈಗೆ ಸಿಕ್ಕರೆ ಏನಾದೀತೋ ಹೇಳಲಾಗದು.

ದುಡ್ಡು ಬಂದ ಮೇಲೆ

ಪಾಸ್‌ಬುಕ್ ಎಂಟ್ರಿ ಹಾಕಿಸಿ ಮೊತ್ತ ಕೂಡಿ ನೋಡಿ. 450 ಮಾತ್ರ ಬಂದಿದ್ದರೆ ಜಿಎಸ್‌ಟಿಯ 81 ರೂಪಾಯಿ ಬಾಕಿ ಇದೆ. ಶುಲ್ಕವೇ ತಪ್ಪಾದ ಮೇಲೆ ಅದರ ಮೇಲಿನ ತೆರಿಗೆಯೂ ವಾಪಸ್ ಬರಬೇಕು. ದೂರು ಮುಗಿದಿದೆ ಎಂಬ ಕಾಗದಕ್ಕೆ ಸಹಿ ಕೇಳಿದರೆ, ನಾಲ್ಕೂ ಕೆಲಸ ಆಗಿದೆಯಾ ಎಂದು ನೋಡದೆ ಹಾಕಬೇಡಿ. ಖಾತೆಯ ವರ್ಗ ಬದಲಾಗಿದೆಯೋ ಇಲ್ಲವೋ ಎನ್ನುವುದು ಹೊಸ ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಗೊತ್ತಾಗುತ್ತದೆ. ಮುಂದಿನ ಎರಡು ತಿಂಗಳು, ತಿಂಗಳ ಕೊನೆಯ ದಿನ ಕಳೆದ ಮೇಲೆ ಎಂಟ್ರಿ ಹಾಕಿಸಿ ನೋಡಿ. `MIN BAL CHG` ಮತ್ತೆ ಕಂಡರೆ ಹೊಸ ದೂರು ಬರೆಯಬೇಡಿ. ಹಳೆಯ ದೂರಿನ ತಾರೀಕು ಮತ್ತು ನಂಬರ್ ಹಾಕಿ, ನಾಲ್ಕನೇ ಪ್ಯಾರಾದ (ಆ) ಕೆಲಸ ಇನ್ನೂ ಆಗಿಲ್ಲ ಎಂದು ಎರಡೂ ಭಾಷೆಯಲ್ಲಿ ಬರೆದುಕೊಡಿ.